ಸೊಸೈಟಿಗೆ ಹೊಸ ಸಾಫ್ಟ್‌ವೇರ್ ಬರುತ್ತಾ? ಕಂಪನಿಯವರ ಮಾತು ಕೇಳೋ ಮೊದಲು ನಿಮ್ಮ ಪ್ರಶ್ನೆಪತ್ರಿಕೆ ರೆಡಿ ಇರಲಿ

ಸಹಕಾರಿ ಸಂಘದ ವಾರ್ಷಿಕ ಮಹಾಸಭೆಯಲ್ಲಿ ಈಗೀಗ ಒಂದು ವಿಷಯ ಬಂದೇ ಬರುತ್ತದೆ: 'ಸಂಘದ ಗಣಕೀಕರಣ'. ಗೊಬ್ಬರದ ಸ್ಟಾಕ್ ಒಂದು ಪುಸ್ತಕದಲ್ಲಿ, ಅಡಿಕೆ ಪಟ್ಟಿ ಇನ್ನೊಂದು ಸಾಫ್ಟ್‌ವೇರಿನಲ್ಲಿ, ಸದಸ್ಯರ ಉದ್ರಿ ಮತ್ತೊಂದು ಲೆಡ್ಜರಿನಲ್ಲಿ. ಇದೆಲ್ಲಾ ಒಂದೇ ಕಡೆ ಬರುವ ಸಾಫ್ಟ್‌ವೇರಿಗೆ ಇಆರ್‌ಪಿ ಅನ್ನುತ್ತಾರೆ. ಕೌಂಟರಿನಲ್ಲಿ ಒಂದು ಬಿಲ್ ಹೊಡೆದರೆ ಸ್ಟಾಕ್, ಉದ್ರಿ, ಜಿಎಸ್‌ಟಿ, ಲೆಕ್ಕಪತ್ರ ಎಲ್ಲಾ ಒಟ್ಟಿಗೆ ಬದಲಾಗಬೇಕು. ಇಷ್ಟೇ ಅದರ ಅರ್ಥ.

ಪ್ರಾಥಮಿಕ ಕೃಷಿ ಪತ್ತಿನ ಸಂಘಗಳಿಗೆ ಸಾಫ್ಟ್‌ವೇರ್ ಆರಿಸುವ ತಲೆಬಿಸಿ ಹೆಚ್ಚಿಲ್ಲ. ಕೇಂದ್ರ ಸರ್ಕಾರ 2022ರ ಜೂನ್‌ನಲ್ಲಿ 63,000 ಪತ್ತಿನ ಸಂಘಗಳ ಗಣಕೀಕರಣಕ್ಕೆ 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಅಲ್ಲಿ ಎಲ್ಲರಿಗೂ ಒಂದೇ ಸಾಮಾನ್ಯ ಸಾಫ್ಟ್‌ವೇರ್, ನಬಾರ್ಡ್ ಉಸ್ತುವಾರಿ. ಆದರೆ ಮಾರಾಟ ಸಂಘ, ಹಾಲು, ಜೇನು, ಅಡಿಕೆ ವ್ಯವಹಾರದ ಸಂಘಗಳು, ಎರಡು-ಮೂರು ಬ್ರಾಂಚ್ ಇರುವ ಅಂಗಡಿಗಳು ತಾವೇ ಆರಿಸಬೇಕು. ದುಡ್ಡು ಹೋಗೋದು ಸದಸ್ಯರದ್ದು, ಇಲ್ಲಾ ಮಾಲೀಕರದ್ದು.

ಆರಿಸುವ ರೀತಿ ಬಹಳ ಕಡೆ ಒಂದೇ. ಮೂರು ಕಂಪನಿಯವರು ಲ್ಯಾಪ್‌ಟಾಪ್ ಹಿಡಿದು ಬರುತ್ತಾರೆ. ಒಬ್ಬ ಬಣ್ಣಬಣ್ಣದ ಗ್ರಾಫ್ ತೋರಿಸುತ್ತಾನೆ, ಇನ್ನೊಬ್ಬ ಮೊಬೈಲ್ ಆ್ಯಪ್, ಮತ್ತೊಬ್ಬ ತನ್ನ ಗ್ರಾಹಕರ ಪಟ್ಟಿ. ಮೂವರೂ ತೋರಿಸಿದ್ದು ಬೇರೆ ಬೇರೆ, ಹಾಗಾಗಿ ಹೋಲಿಸಲು ಏನೂ ಉಳಿಯೋದಿಲ್ಲ. ಕೊನೆಗೆ ಮೊದಲ ಪುಟದ ಬೆಲೆ ನೋಡಿ ಠರಾವು ಪಾಸ್. ವರ್ಷದ ನಂತರ ಗುಮಾಸ್ತರು ಮತ್ತೆ ಹಳೆಯ ಪುಸ್ತಕದಲ್ಲಿ ಬರೆಯುತ್ತಿರುತ್ತಾರೆ.

ಇದಕ್ಕೆ ಇರುವ ದಾರಿಯ ಹೆಸರು ಆರ್‌ಎಫ್‌ಪಿ. ಅಂದರೆ ಪ್ರಸ್ತಾವನೆ ಕೇಳುವ ಪತ್ರ. 'ನಮ್ಮ ಕೆಲಸ ಇದು, ನೀವು ಹೇಗೆ ಮಾಡಿಕೊಡುತ್ತೀರಿ, ಎಷ್ಟಕ್ಕೆ, ನಾವು ನಿಮಗೆ ಅಂಕ ಕೊಡೋದು ಹೀಗೆ' ಅಂತ ಎಲ್ಲಾ ಕಂಪನಿಗಳಿಗೂ ಒಂದೇ ದಿನ ಒಂದೇ ಕಾಗದ ಕಳಿಸುವುದು. ಅದರ ಜೀವಾಳ ಎರಡು: ಯಾವುದಕ್ಕೆ ಎಷ್ಟು ಅಂಕ ಅನ್ನುವ ಪಟ್ಟಿ, ಮತ್ತು ಡೆಮೋದಲ್ಲಿ ಎಲ್ಲರೂ ಮಾಡಿ ತೋರಿಸಬೇಕಾದ ಒಂದೇ ಕೆಲಸಗಳ ಪಟ್ಟಿ. ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ.

ಉದಾಹರಣೆ: ಒಂದು ತಾಲ್ಲೂಕು ಮಾರಾಟ ಸಂಘ

ಮಲೆನಾಡಿನ ಒಂದು ತಾಲ್ಲೂಕು ಕೃಷಿ ಉತ್ಪನ್ನ ಮಾರಾಟ ಸಂಘ ಅಂದುಕೊಳ್ಳಿ. ಮುಖ್ಯ ಕಚೇರಿ, ಹೋಬಳಿಯಲ್ಲಿ ಎರಡು ಬ್ರಾಂಚ್, ಒಂದು ಗೋಡೌನ್. ಗೊಬ್ಬರ, ಕೀಟನಾಶಕ ಮಾರುತ್ತಾರೆ. ಸದಸ್ಯರ ಅಡಿಕೆ ಇಟ್ಟುಕೊಂಡು ಮುಂಗಡ ಕೊಟ್ಟು, ಮಾರಿದ ಮೇಲೆ ಪಟ್ಟಿ ಮಾಡುತ್ತಾರೆ. ಕಂಪ್ಯೂಟರ್ ಮುಂದೆ ಕೂರುವವರು ಹತ್ತು ಜನ. ಇಲ್ಲಿನ ಬೆಲೆ, ಅಂಕ ಎಲ್ಲಾ ಲೆಕ್ಕ ಅರ್ಥ ಆಗಲಿ ಅಂತ ಇಟ್ಟುಕೊಂಡಿದ್ದು. ಕಂಪನಿಗಳಿಗೆ ಕ, ಖ, ಗ ಅಂತ ಹೆಸರಿಡೋಣ.

ಮೊದಲ ಕೆಲಸ, ಅಂಕದ ಲೆಕ್ಕಕ್ಕೆ ಬಾರದ ಕಡ್ಡಾಯ ಷರತ್ತುಗಳನ್ನು ಬೇರೆ ಮಾಡುವುದು. ಇವು ಪಾಸ್ ಅಥವಾ ಫೇಲ್, ನಡುವೆ ಏನಿಲ್ಲ. ಈ ಸಂಘಕ್ಕೆ ಅಂಥವು ನಾಲ್ಕು ಸಾಕು: ಜಿಎಸ್‌ಟಿ ನಿಯಮದ ಬಿಲ್ ಬರಬೇಕು, ಅಡಿಕೆ ಪಟ್ಟಿ ಕನ್ನಡದಲ್ಲಿ ಪ್ರಿಂಟ್ ಆಗಬೇಕು, ಹಳೆ ಎಂಟ್ರಿಯನ್ನು ಯಾರು, ಯಾವಾಗ ತಿದ್ದಿದರು ಅನ್ನುವ ದಾಖಲೆ ಅಳಿಸಲಾಗದಂತೆ ಉಳಿಯಬೇಕು, ಸಂಘ ಬೇಡ ಅಂದ ದಿನ ತನ್ನ ಪೂರ್ತಿ ಡೇಟಾವನ್ನು ಎಕ್ಸೆಲ್‌ನಲ್ಲಿ ಓದುವಂತೆ ವಾಪಸ್ ಕೊಡಬೇಕು. ತಿದ್ದಿದ ದಾಖಲೆಯ ನಿಯಮ 2023ರ ಏಪ್ರಿಲ್ 1ರಿಂದ ಕಂಪನಿಗಳಿಗೆ ಕಡ್ಡಾಯ ಆಗಿದೆ. ಸಹಕಾರ ಸಂಘಗಳಿಗೆ ಆ ಕಂಪನಿ ನಿಯಮ ಅನ್ವಯಿಸದಿದ್ದರೂ ಆಡಿಟ್ ದಿನ ಉಪಯೋಗಕ್ಕೆ ಬರುವುದು ಇದೇ.

ಕಡ್ಡಾಯ ಪಟ್ಟಿ ಉದ್ದ ಮಾಡಬಾರದು. ಮೂವತ್ತು ಕಡ್ಡಾಯ ಹಾಕಿದರೆ ಎಲ್ಲರೂ ಎಲ್ಲದಕ್ಕೂ 'ಹೌದು' ಬರೆಯುತ್ತಾರೆ, ಯಾರನ್ನೂ ಹೊರಗಿಡಲು ಆಗೋದಿಲ್ಲ.

ನೂರು ಅಂಕ ಹಂಚುವುದು ಹೇಗೆ?

ಈ ಸಂಘ ಹೀಗೆ ಹಂಚಿತು ಅಂತ ಇಟ್ಟುಕೊಳ್ಳಿ:

- ಡೆಮೋದಲ್ಲಿ ಮಾಡಿ ತೋರಿಸಿದ್ದು: 40
- ಬೆಲೆ, 5 ವರ್ಷದ ಒಟ್ಟು ಖರ್ಚು: 25
- ಸರ್ವೀಸ್, ಅಂದರೆ ಕೆಟ್ಟಾಗ ಯಾರು, ಎಷ್ಟು ಹೊತ್ತಿನಲ್ಲಿ: 15
- ಹಳೆ ಲೆಕ್ಕವನ್ನು ಹೊಸದಕ್ಕೆ ತರುವ ಯೋಜನೆ: 10
- ಈಗ ಬಳಸುತ್ತಿರುವ ಬೇರೆ ಸಂಘ, ಅಂಗಡಿಯವರ ಅನುಭವ: 10

ಡೆಮೋಗೆ ಯಾಕೆ ಇಷ್ಟು? ಕಾಗದದ ಮೇಲೆ 'ಈ ಸೌಲಭ್ಯ ಇದೆಯೇ' ಅಂತ ಕೇಳಿದರೆ ಎಲ್ಲರದ್ದೂ ಹೌದೇ. ಕಣ್ಣೆದುರು ಮಾಡಿ ತೋರಿಸುವಾಗ ಮಾತ್ರ ವ್ಯತ್ಯಾಸ ಗೊತ್ತಾಗುತ್ತದೆ. ಕಾಗದದಲ್ಲೂ ಕೇಳಬೇಕೆಂದರೆ ಹೌದು-ಇಲ್ಲ ಬೇಡ, ನಾಲ್ಕು ಉತ್ತರ ಕೊಡಿ: ಈಗಲೇ ರೆಡಿ ಇದೆ, ಸೆಟ್ಟಿಂಗ್ ಬದಲಿಸಿದರೆ ಸಾಕು, ಹೊಸದಾಗಿ ಬರೆಯಬೇಕು, ಖರ್ಚು ಇಷ್ಟು, ಆಗೋದಿಲ್ಲ. ಮೂರನೇ ಉತ್ತರ ಬರೆದವನು ಆ ಖರ್ಚನ್ನು ಬೆಲೆ ಪಟ್ಟಿಯಲ್ಲೂ ಹಾಕಬೇಕು.

ಈ ಹಂಚಿಕೆಯನ್ನು ಆಡಳಿತ ಮಂಡಳಿ ಠರಾವು ಮಾಡಿ, ಆರ್‌ಎಫ್‌ಪಿಯಲ್ಲೇ ಪ್ರಿಂಟ್ ಮಾಡಿ ಕಳಿಸಬೇಕು. ಬೆಲೆಯ ಲಕೋಟೆ ಬೇರೆ ಇರಬೇಕು, ಡೆಮೋ ಅಂಕ ಬರೆದು ಸಹಿ ಹಾಕಿದ ಮೇಲೆ ಒಡೆಯಬೇಕು. ಯಾಕೆ ಅನ್ನೋದು ಕೊನೆಯ ಲೆಕ್ಕದಲ್ಲಿ ಗೊತ್ತಾಗುತ್ತದೆ.

ಡೆಮೋ ಸ್ಕ್ರಿಪ್ಟ್: ನಾಟಕ ನಮ್ಮದು, ಪಾತ್ರ ಅವರದ್ದು

ಡೆಮೋ ಸ್ಕ್ರಿಪ್ಟ್ ಅಂದರೆ 'ಸ್ಟಾಕ್ ಮಾಡ್ಯೂಲ್ ತೋರಿಸಿ' ಅಂತ ಬರೆಯೋದಲ್ಲ. ಹಾಗೆ ಬರೆದರೆ ಅವರಿಗೆ ಚೆನ್ನಾಗಿ ಬರುವ ನಾಲ್ಕು ಸ್ಕ್ರೀನ್ ತೋರಿಸಿ ಹೋಗುತ್ತಾರೆ. ನಮ್ಮ ಕೌಂಟರಿನಲ್ಲಿ ನಡೆಯುವ ಒಂದು ದಿನದ ಕಥೆಯನ್ನು ಹೆಸರು, ಚೀಲ, ರೂಪಾಯಿ ಸಮೇತ ಬರೆಯಬೇಕು. ಸರಿ ಉತ್ತರ ನಮ್ಮ ಕೈಯಲ್ಲಿ ಮೊದಲೇ ಇರಬೇಕು.

ಈ ಸಂಘದ ಮೊದಲ ಸನ್ನಿವೇಶ ಹೀಗಿದೆ. ಒಬ್ಬ ರೈತ 266.50 ರೂಪಾಯಿಯ ಯೂರಿಯಾ 6 ಚೀಲ, 1,350ರ ಡಿಎಪಿ 4 ಚೀಲ, ತೆರಿಗೆ ಸೇರಿ 590ರ ಕೀಟನಾಶಕ 2 ಬಾಟಲಿ ಕೊಳ್ಳುತ್ತಾನೆ. ಬಿಲ್ 8,179 ರೂಪಾಯಿ. 5,000 ಯುಪಿಐನಲ್ಲಿ ಕೊಟ್ಟು ಉಳಿದಿದ್ದು ಉದ್ರಿ ಬರೆಸುತ್ತಾನೆ. ಮರುದಿನ ಒಂದು ಬಾಟಲಿ ಒಡೆಯದೆ ವಾಪಸ್ ತರುತ್ತಾನೆ. ಆಗ ಆತನ ಉದ್ರಿ 2,589 ಆಗಬೇಕು, ಬಾಟಲಿ ಅದೇ ಬ್ಯಾಚ್ ನಂಬರಿಗೆ ವಾಪಸ್ ಕೂರಬೇಕು, ಕೀಟನಾಶಕದ ಶೇ 18 ತೆರಿಗೆಯಲ್ಲಿ 90 ರೂಪಾಯಿ ಕಡಿಮೆ ಆಗಿ ಕ್ರೆಡಿಟ್ ನೋಟ್ ಬರಬೇಕು. ಮೂರರಲ್ಲಿ ಒಂದು ಬಾರದಿದ್ದರೂ ಪೂರ್ತಿ ಅಂಕ ಇಲ್ಲ.

ಇದರಲ್ಲೇ ಇನ್ನೊಂದು ಪ್ರಶ್ನೆ ಇದೆ. ಸಬ್ಸಿಡಿ ಗೊಬ್ಬರವನ್ನು ಸರ್ಕಾರದ ಪಿಒಎಸ್ ಮಷಿನ್‌ನಲ್ಲೂ ಹೊಡೆಯಲೇಬೇಕು. ಯಾವ ಇಆರ್‌ಪಿ ತಂದರೂ ಆ ಮಷಿನ್ ಹೋಗೋದಿಲ್ಲ. ಹಾಗಾಗಿ ಸಂಜೆ ಮಷಿನ್‌ನ ಮಾರಾಟಕ್ಕೂ ಸಂಘದ ಬಿಲ್‌ಗಳಿಗೂ ಎಲ್ಲಿ ತಾಳೆ ಆಗಿಲ್ಲ ಅಂತ ತೋರಿಸುವ ರಿಪೋರ್ಟ್ ಇದೆಯಾ ಅಂತ ಕೇಳಬೇಕು. 'ಎಲ್ಲಾ ಇಂಟಿಗ್ರೇಟ್ ಆಗುತ್ತೆ ಸಾರ್' ಅನ್ನುವುದು ಉತ್ತರ ಅಲ್ಲ. ಒಂದು ಬಿಲ್ ಬೇಕೆಂದೇ ತಪ್ಪಿಸಿ, ಅದನ್ನು ಹುಡುಕಿ ತೋರಿಸಲಿ.

ಎರಡನೆಯದು ಕೀಟನಾಶಕದ ಬ್ಯಾಚ್. ಒಂದೇ ಔಷಧಿಯ ಎರಡು ಬ್ಯಾಚ್ ಸ್ಟಾಕಿನಲ್ಲಿವೆ, ಒಂದರ ಅವಧಿ ನಿನ್ನೆಗೆ ಮುಗಿದಿದೆ. ಕೌಂಟರಿನವರು ಆ ಬ್ಯಾಚ್ ಆರಿಸಿದರೆ ಬಿಲ್ ನಿಲ್ಲಬೇಕು. ಕೇವಲ ಕೆಂಪು ಅಕ್ಷರದ ಎಚ್ಚರಿಕೆ ಬಂದು 'ಓಕೆ' ಒತ್ತಿದರೆ ಮುಂದೆ ಹೋದರೆ ಸಾಲದು. ಅವಧಿ ಮುಗಿದ ಔಷಧಿ ಮಾರಿದರೆ ಲೈಸೆನ್ಸ್‌ಗೇ ತೊಂದರೆ.

ಮೂರನೆಯದು ಗೋಡೌನಿನಿಂದ ಬ್ರಾಂಚಿಗೆ 100 ಚೀಲ ಕಳಿಸಿದ್ದು, ಅಲ್ಲಿ ಇಳಿದಿದ್ದು 98. ಆ ಎರಡು ಚೀಲ ಯಾವ ಲೆಕ್ಕದಲ್ಲಿ ನಿಂತಿದೆ? ದಾರಿಯಲ್ಲಿ ಅಂತ ತೋರಿಸಬೇಕು, ಯಾರಾದರೂ ಒಪ್ಪಿ ಸಹಿ ಹಾಕುವವರೆಗೆ ಮಾಯ ಆಗಬಾರದು.

ಅಡಿಕೆಯಲ್ಲಿ ಗೊತ್ತಾಗುತ್ತೆ ಅಸಲಿಯತ್ತು

ನಾಲ್ಕನೆಯ ಸನ್ನಿವೇಶ ಈ ಸಂಘಕ್ಕೆ ಎಲ್ಲಕ್ಕಿಂತ ಮುಖ್ಯ, ಅದಕ್ಕೇ ಡೆಮೋದ 40ರಲ್ಲಿ 10 ಅಂಕ ಇದಕ್ಕೊಂದಕ್ಕೇ. ಒಬ್ಬ ಸದಸ್ಯ 320 ಕೆಜಿ ಅಡಿಕೆ ಇಟ್ಟು 60,000 ಮುಂಗಡ ತಗೊಂಡಿದ್ದಾನೆ, ಬಡ್ಡಿ ಶೇ 12. ನಾಲ್ಕು ತಿಂಗಳ ನಂತರ ಅದರಲ್ಲಿ 200 ಕೆಜಿ ಮಾತ್ರ ಕ್ವಿಂಟಲಿಗೆ 45,000ದಂತೆ ಮಾರಾಟ ಆಗುತ್ತದೆ. ಉಳಿದ 120 ಕೆಜಿ ರೇಟ್ ಬರಲಿ ಅಂತ ಇಟ್ಟಿದ್ದಾನೆ.

ಲೆಕ್ಕ ಕೈಯಲ್ಲಿ ಮಾಡಿದರೆ: ಮಾರಾಟ 90,000. ಮುಂಗಡ 60,000, ನಾಲ್ಕು ತಿಂಗಳ ಬಡ್ಡಿ 2,400, ಹಮಾಲಿ 200 ಕಳೆದರೆ ರೈತನ ಕೈಗೆ 27,400. ಗೋಡೌನಿನಲ್ಲಿ 120 ಕೆಜಿ ಆತನ ಹೆಸರಲ್ಲೇ ಉಳಿಯಬೇಕು. ವಾರದ ನಂತರ ಉಳಿದಿದ್ದು ಮಾರಿದಾಗ ಎರಡನೇ ಪಟ್ಟಿಯಲ್ಲಿ ಬಡ್ಡಿ ಸೊನ್ನೆ ಇರಬೇಕು, ಯಾಕಂದ್ರೆ ಮುಂಗಡ ತೀರಿಯಾಗಿದೆ.

ಅಂಗಡಿಗೆ ಅಂತ ಮಾಡಿದ ಸಾಫ್ಟ್‌ವೇರ್‌ಗಳು ಹೆಚ್ಚಾಗಿ ಇಲ್ಲೇ ಮುಗ್ಗರಿಸುತ್ತವೆ. ಅವಕ್ಕೆ ಮಾಲು ಅಂದರೆ ಸಂಘದ್ದೇ ಮಾಲು. ಬೇರೆಯವರ ಮಾಲನ್ನು ಇಟ್ಟುಕೊಂಡು, ಅರ್ಧ ಮಾರಿ, ಮುಂಗಡ ಮುರಿದುಕೊಳ್ಳುವ ವ್ಯವಹಾರ ಅವುಗಳ ಲೆಕ್ಕದಲ್ಲೇ ಇರುವುದಿಲ್ಲ. ಆಗ ಡೆಮೋ ಕೊಡುವವರು ಅಡಿಕೆಯನ್ನು ಸಂಘ ಖರೀದಿಸಿದಂತೆ ಎಂಟ್ರಿ ಹಾಕಿ ತೋರಿಸುತ್ತಾರೆ. ಪಟ್ಟಿಯಲ್ಲಿ ಮೊತ್ತ ಸರಿಯಾಗೇ ಬರುತ್ತದೆ. ಆದರೆ ಸಂಘದ ಸ್ಟಾಕ್ ಮೌಲ್ಯ ಸುಮ್ಮನೆ ಊದಿಕೊಂಡು, ರೈತನ ಮಾಲು ಸಂಘದ ಆಸ್ತಿಯಾಗಿ ಕಾಣುತ್ತದೆ. ಇದನ್ನು ಕಂಡುಹಿಡಿಯಲು ಪಟ್ಟಿ ನೋಡಿದರೆ ಸಾಲದು, 'ಈಗ ಸ್ಟಾಕ್ ಮೌಲ್ಯದ ರಿಪೋರ್ಟ್ ತೆಗೀರಿ' ಅನ್ನಬೇಕು.

ಐದನೆಯದು, ಕೌಂಟರಿನಲ್ಲಿ ಬಿಲ್ ಹೊಡೆಯುವಾಗ ಇಂಟರ್‌ನೆಟ್ ತೆಗೆದುಬಿಡುವುದು. ಮಳೆಗಾಲದ ಮಲೆನಾಡಿನಲ್ಲಿ ಇದು ಕಾಲ್ಪನಿಕ ಪರೀಕ್ಷೆ ಅಲ್ಲ. ಹತ್ತು ನಿಮಿಷ ಬಿಟ್ಟು ವಾಪಸ್ ಹಾಕಿದಾಗ ಅದೇ ಬಿಲ್ ಎರಡು ಸಲ ಬಂದಿದೆಯಾ, ಇಲ್ಲಾ ಮಾಯ ಆಗಿದೆಯಾ ನೋಡಬೇಕು. ಆರನೆಯದು ತಿಂಗಳ ಕೊನೆ: ಇದುವರೆಗೆ ಹಾಕಿದ ಎಂಟ್ರಿಗಳಿಂದಲೇ ಜಿಎಸ್‌ಟಿ ಲೆಕ್ಕ ತೆಗೆದು, ಒಂದು ಹಳೆ ಬಿಲ್ ತಿದ್ದಿ, ತಿದ್ದಿದವರ ಹೆಸರು, ಹಳೆ ಮೊತ್ತ, ಹೊಸ ಮೊತ್ತ ತೋರಿಸುವುದು.

ಡೆಮೋ ದಿನದ ನಿಯಮ

ಸ್ಕ್ರಿಪ್ಟ್ ಮತ್ತು ಮಾದರಿ ಡೇಟಾ ಎಲ್ಲರಿಗೂ ಒಂದು ವಾರ ಮೊದಲೇ ಕೊಡಬೇಕು. ಮುಚ್ಚಿಟ್ಟು ದಿಢೀರ್ ಕೇಳಿದರೆ ಗೊತ್ತಾಗೋದು ಅವರ ಹುಡುಗನ ಚಾಲಾಕಿತನ, ಸಾಫ್ಟ್‌ವೇರಿನ ಶಕ್ತಿ ಅಲ್ಲ. ಆದರೆ ಅಂಕಿಗಳನ್ನು ಅವತ್ತು ಬದಲಿಸಿ. 200 ಕೆಜಿ ಬದಲು 180 ಅನ್ನಿ. ಮೊದಲೇ ತಯಾರು ಮಾಡಿಟ್ಟ ಸ್ಕ್ರೀನ್ ಆದರೆ ಅಲ್ಲೇ ನಿಂತುಹೋಗುತ್ತದೆ. ಬದಲಾದ ಅಂಕಿ ಮೂವರಿಗೂ ಒಂದೇ ಇರಬೇಕು, ಸಮಯವೂ ಒಂದೇ, ಎರಡೂವರೆ ಗಂಟೆ ಅಂದರೆ ಎರಡೂವರೆ ಗಂಟೆ. ಒಂದು ಕಂಪನಿ ಫೋನಲ್ಲಿ ಏನಾದರೂ ಪ್ರಶ್ನೆ ಕೇಳಿದರೆ ಉತ್ತರವನ್ನು ಬರೆದು ಮೂವರಿಗೂ ಕಳಿಸಬೇಕು.

ಅಂಕ ಕೊಡುವವರಲ್ಲಿ ಒಬ್ಬರಾದರೂ ಕೌಂಟರಿನವರು ಇರಬೇಕು. ಕೌಂಟರ್ ಗುಮಾಸ್ತರು, ಲೆಕ್ಕಿಗರು, ಒಬ್ಬ ನಿರ್ದೇಶಕರು, ಮೂರು ಜನ ಸಾಕು. ಪ್ರತಿ ಸನ್ನಿವೇಶಕ್ಕೆ ಅಂಕ ನಾಲ್ಕೇ ರೀತಿ: ಕಣ್ಣೆದುರು ಪೂರ್ತಿ ಆಯ್ತು ಅಂದರೆ 5; ಸುತ್ತುದಾರಿಯಲ್ಲಿ, ಕೈಲೆಕ್ಕ ಸೇರಿಸಿ ಆಯ್ತು ಅಂದರೆ 3; 'ಮಾಡಿಕೊಡ್ತೀವಿ' ಅಂದರೆ 1; ಆಗಲ್ಲ ಅಂದರೆ 0. ಪವರ್‌ಪಾಯಿಂಟ್‌ನಲ್ಲಿ ತೋರಿಸಿದ್ದೂ, 'ಮುಂದಿನ ವರ್ಷನ್‌ನಲ್ಲಿ ಬರುತ್ತೆ' ಅಂದಿದ್ದೂ 1ಕ್ಕಿಂತ ಮೇಲೆ ಹೋಗಬಾರದು.

ಪಕ್ಕದಲ್ಲಿ ಒಂದು ಸಾಲು ಕಾರಣ ಬರೆಯಬೇಕು. ಮೂವರೂ ಮಾತಾಡಿಕೊಳ್ಳುವ ಮೊದಲೇ ಬರೆದು ಸಹಿ ಹಾಕಬೇಕು. ಇಲ್ಲದಿದ್ದರೆ ನಿರ್ದೇಶಕರು 'ಇದು ಚೆನ್ನಾಗಿದೆ ಅಲ್ವಾ' ಅಂದ ಕೂಡಲೇ ಗುಮಾಸ್ತರ ಪೆನ್ನೂ ಆ ಕಡೆಗೇ ಹೋಗುತ್ತದೆ. ಒಬ್ಬರು 5, ಇನ್ನೊಬ್ಬರು 1 ಕೊಟ್ಟಿದ್ದರೆ ಆ ಸನ್ನಿವೇಶವನ್ನು ಮತ್ತೆ ಮಾಡಿಸಿ ನೋಡಬಹುದು.

ಬೆಲೆ ಅಂದರೆ ಮೊದಲ ಪುಟ ಅಲ್ಲ

ಈಗ ಲಕೋಟೆ ಒಡೆಯೋಣ. ಮೊದಲ ವರ್ಷ ಕೊಡಬೇಕು ಅಂತ ದೊಡ್ಡ ಅಕ್ಷರದಲ್ಲಿ ಬರೆದಿದ್ದು ಹೀಗಿದೆ: ಕ ಕಂಪನಿ 3,50,000, ಖ 2,28,000, ಗ 1,50,000. ಮೇಲ್ನೋಟಕ್ಕೆ ಗ ಗೆದ್ದಂತೆ.

ಆದರೆ ಆರ್‌ಎಫ್‌ಪಿಯಲ್ಲಿ 5 ವರ್ಷದ ಲೆಕ್ಕವನ್ನು ನಾವು ಕೊಟ್ಟ ನಮೂನೆಯಲ್ಲೇ ತುಂಬಲು ಹೇಳಿದ್ದೇವೆ. ತುಂಬಿದಾಗ:

ಕ: ಲೈಸೆನ್ಸ್ 3,00,000, ಅಳವಡಿಕೆ 50,000, ನಂತರ ನಾಲ್ಕು ವರ್ಷ ನಿರ್ವಹಣೆ 54,000ದಂತೆ 2,16,000. ಒಟ್ಟು 5,66,000.

ಖ: ಕ್ಲೌಡ್. ಒಬ್ಬ ಬಳಕೆದಾರನಿಗೆ ತಿಂಗಳಿಗೆ 900, ಹತ್ತು ಜನ, 5 ವರ್ಷಕ್ಕೆ 5,40,000. ಅಳವಡಿಕೆ 1,20,000. ಒಟ್ಟು 6,60,000.

ಗ: ಲೈಸೆನ್ಸ್ 1,50,000. ನಿರ್ವಹಣೆ ನಾಲ್ಕು ವರ್ಷಕ್ಕೆ 2,40,000. ಎರಡು ಬ್ರಾಂಚಿಗೆ ಬೇರೆ ಲೈಸೆನ್ಸ್ 90,000. ಹಳೆ ಡೇಟಾ ತರಲು 80,000. ಡೆಮೋದಲ್ಲಿ 'ಮಾಡಿಕೊಡ್ತೀವಿ' ಅಂದಿದ್ದಕ್ಕೆಲ್ಲಾ 2,00,000. ಒಟ್ಟು 7,60,000.

ಎಲ್ಲಕ್ಕಿಂತ ಅಗ್ಗ ಕಂಡವನು ಎಲ್ಲಕ್ಕಿಂತ ದುಬಾರಿ. ನಮೂನೆ ನಾವು ಕೊಡದೆ ಅವರವರ ಕೊಟೇಶನ್ ತಗೊಂಡಿದ್ದರೆ ಕೊನೆಯ ಮೂರು ಸಾಲು ಕಾಣುತ್ತಲೇ ಇರಲಿಲ್ಲ.

ಬೆಲೆಗೆ ಅಂಕ ಕೊಡುವ ಸೂತ್ರ ಸರಳ: ಎಲ್ಲಕ್ಕಿಂತ ಕಡಿಮೆ ಬೆಲೆಯನ್ನು ಆ ಕಂಪನಿಯ ಬೆಲೆಯಿಂದ ಭಾಗಿಸಿ, 25ರಿಂದ ಗುಣಿಸುವುದು. ಕ ಗೆ ಪೂರ್ತಿ 25, ಖ ಗೆ 21.4, ಗ ಗೆ 18.6.

ಡೆಮೋ ಅಂಕದ ಲೆಕ್ಕವೂ ಅಷ್ಟೇ. ಆರು ಸನ್ನಿವೇಶಕ್ಕೆ ಕ್ರಮವಾಗಿ 8, 8, 6, 10, 4, 4 ಅಂಕ ಇಟ್ಟಿದ್ದೇವೆ. 5 ಬಂದರೆ ಪೂರ್ತಿ, 3 ಬಂದರೆ ನೂರಕ್ಕೆ ಅರವತ್ತರ ಪಾಲು, 1 ಬಂದರೆ ನೂರಕ್ಕೆ ಇಪ್ಪತ್ತರ ಪಾಲು. ಖ ಕಂಪನಿ ಬಿಲ್, ಬ್ಯಾಚ್, ಗೋಡೌನ್, ತಿಂಗಳ ಕೊನೆ, ನಾಲ್ಕರಲ್ಲೂ 5 ಪಡೆಯಿತು. ಅಡಿಕೆಯಲ್ಲಿ 3, ಇಂಟರ್‌ನೆಟ್ ಹೋದಾಗ 1. ಅಲ್ಲಿಗೆ 8, 8, 6, 6, 0.8, 4 ಸೇರಿ 32.8. ಇದೇ ರೀತಿ ಕ ಗೆ 25.6, ಗ ಗೆ 15.2 ಬಂತು.

| | ಕ | ಖ | ಗ |
|---|---|---|---|
| ಡೆಮೋ (40) | 25.6 | 32.8 | 15.2 |
| ಬೆಲೆ (25) | 25.0 | 21.4 | 18.6 |
| ಸರ್ವೀಸ್ (15) | 12 | 9 | 9 |
| ಹಳೆ ಲೆಕ್ಕ ತರುವುದು (10) | 6 | 8 | 4 |
| ಬಳಸುವವರ ಅನುಭವ (10) | 7 | 8 | 6 |
| ಒಟ್ಟು (100) | 75.6 | 79.2 | 52.8 |

ಆಟ ಎಲ್ಲಿ ನಡೆಯುತ್ತದೆ ನೋಡಿ

ಖ ಗೆದ್ದಿದೆ, ಅಂತರ 3.6 ಅಂಕ. ಈಗ ಲಕೋಟೆ ಒಡೆದ ಮೇಲೆ ಯಾರೋ ಒಬ್ಬರು 'ಬೆಲೆಗೆ 25 ಕಡಿಮೆ ಆಯ್ತು, 40 ಮಾಡೋಣ, ಡೆಮೋಗೆ 25 ಸಾಕು' ಅಂದರು ಅಂತ ಇಟ್ಟುಕೊಳ್ಳಿ. ಕೇಳಲು ನ್ಯಾಯವಾಗೇ ಇದೆ. ಹೊಸ ಲೆಕ್ಕದಲ್ಲಿ ಕ ಗೆ ಡೆಮೋ 16, ಬೆಲೆ 40, ಉಳಿದದ್ದು 25, ಒಟ್ಟು 81. ಖ ಗೆ 20.5, 34.3, 25, ಒಟ್ಟು 79.8. ಯಾರ ಅಂಕವನ್ನೂ ತಿದ್ದಿಲ್ಲ, ಆದರೂ ಗೆದ್ದವರು ಬದಲಾದರು.

ಬೆಲೆಗೆ 40 ಇಡುವುದು ತಪ್ಪಲ್ಲ. ಕೆಲವು ಸಂಘಕ್ಕೆ ಅದೇ ಸರಿ ಇರಬಹುದು. ಬೆಲೆ ನೋಡಿದ ಮೇಲೆ ಇಡುವುದು ತಪ್ಪು. ಹಾಗಾಗಿ ಸದಸ್ಯರು ಮಹಾಸಭೆಯಲ್ಲಿ ಕೇಳಬೇಕಾದ ಪ್ರಶ್ನೆ 'ಯಾಕೆ ಈ ಕಂಪನಿ' ಅಂತ ಅಲ್ಲ. 'ಅಂಕದ ಹಂಚಿಕೆಯ ಠರಾವು ಯಾವ ತಾರೀಕಿನದು, ಬೆಲೆ ಲಕೋಟೆ ಒಡೆದಿದ್ದು ಯಾವ ತಾರೀಕು' ಅಂತ. ಎರಡು ತಾರೀಕು ಸಾಕು.

ಇನ್ನೊಂದು ಜಾಗ ಆರ್‌ಎಫ್‌ಪಿಯ ಭಾಷೆ. ಒಂದು ಕಂಪನಿಯವರೇ 'ನಾವೇ ಡ್ರಾಫ್ಟ್ ಮಾಡಿಕೊಡ್ತೀವಿ ಸಾರ್' ಅಂತ ಬರೆದುಕೊಟ್ಟಿದ್ದರೆ ಗೊತ್ತಾಗುತ್ತದೆ. 'ಎಡಗಡೆ ಮೆನು ಇರಬೇಕು', 'ಇಂಥದ್ದೇ ಡೇಟಾಬೇಸ್ ಇರಬೇಕು', 'ಇಷ್ಟು ಡ್ಯಾಶ್‌ಬೋರ್ಡ್ ಇರಬೇಕು' ಅನ್ನುವ ಸಾಲುಗಳು ಇರುತ್ತವೆ. ಅಡಿಕೆ ಪಟ್ಟಿ, ಉದ್ರಿ, ಬ್ಯಾಚ್ ಅನ್ನುವ ಪದ ಒಂದೂ ಇರುವುದಿಲ್ಲ. ಸಂಘದ ಕೆಲಸ ಗೊತ್ತಿರುವವರು ಬರೆದ ಕಾಗದದಲ್ಲಿ ಕೆಲಸದ ಹೆಸರು ಇರುತ್ತದೆ, ಸ್ಕ್ರೀನಿನ ಹೆಸರು ಇರೋದಿಲ್ಲ.

ಅಂಕ ಬಂತು, ಮುಂದೇನು?

ಅಂಕಪಟ್ಟಿ ತೀರ್ಮಾನ ಅಲ್ಲ, ಒಪ್ಪಂದಕ್ಕೆ ಕೂರುವಾಗ ಕೈಯಲ್ಲಿರುವ ಚೀಟಿ. ಖ ಕಂಪನಿ ಇಂಟರ್‌ನೆಟ್ ಪರೀಕ್ಷೆಯಲ್ಲಿ ಸೋತಿದೆ, ಅಡಿಕೆಯಲ್ಲಿ ಬಡ್ಡಿಯನ್ನು ಕೈಯಲ್ಲಿ ತಿದ್ದಿದೆ, ಸರ್ವೀಸ್‌ನಲ್ಲಿ ಕ ಗಿಂತ ಹಿಂದಿದೆ. ಈ ಮೂರನ್ನೇ ಮುಂದಿಟ್ಟು, 'ಇದು ಸರಿ ಆದಮೇಲೆ ದುಡ್ಡು' ಅನ್ನಬೇಕು. ಎರಡು ಕಂಪನಿಯ ನಡುವೆ ಅಂತರ ಇಷ್ಟು ಕಡಿಮೆ ಇದ್ದಾಗ ಎರಡನೆಯವರನ್ನು ಒಪ್ಪಂದಕ್ಕೆ ಸಹಿ ಬೀಳುವವರೆಗೆ ಬಿಟ್ಟುಕೊಡಬಾರದು.

ಡೆಮೋ ಸ್ಕ್ರಿಪ್ಟನ್ನು ಹಾಗೇ ಒಪ್ಪಂದಕ್ಕೆ ಲಗತ್ತಿಸಬಹುದು. ಮುಂಗಡ 30 ಭಾಗ, ಅದೇ ಆರು ಸನ್ನಿವೇಶ ಸಂಘದ ಸ್ವಂತ ಡೇಟಾದಲ್ಲಿ ಪಾಸಾದ ಮೇಲೆ 40, ಮೂರು ತಿಂಗಳ ಲೆಕ್ಕ ಮುಗಿದು ಸದಸ್ಯರ ಉದ್ರಿ ಹಳೆ ಲೆಡ್ಜರಿಗೆ ತಾಳೆಯಾದ ಮೇಲೆ ಉಳಿದ 30. ಮೊದಲೇ ಪೂರ್ತಿ ಕೊಟ್ಟರೆ 'ಮಾಡಿಕೊಡ್ತೀವಿ' ಅನ್ನೋದು ಅಲ್ಲಿಗೇ ನಿಲ್ಲುತ್ತದೆ.

ಈ ವಿಧಾನಕ್ಕೆ ಹಿಡಿಯದ ಎರಡು ವಿಷಯ ಇವೆ. ಡೆಮೋದಲ್ಲಿ ಇಪ್ಪತ್ತು ಎಂಟ್ರಿ ಇರುತ್ತದೆ, ಐದು ವರ್ಷದ ಲಕ್ಷಾಂತರ ಬಿಲ್ ತುಂಬಿದ ಮೇಲೆ ರಿಪೋರ್ಟ್ ಎಷ್ಟು ನಿಧಾನ ಆಗುತ್ತೆ ಅನ್ನೋದು ಕಾಣುವುದಿಲ್ಲ. ಎರಡನೆಯದು, ಡೆಮೋಗೆ ಬಂದ ಚುರುಕಿನ ಹುಡುಗ ಅಳವಡಿಕೆಗೆ ಬರುತ್ತಾನೆ ಅಂತಿಲ್ಲ. ಇವೆರಡಕ್ಕೂ ದಾರಿ ಒಂದೇ: ನಾಲ್ಕೈದು ವರ್ಷದಿಂದ ಅದನ್ನೇ ಬಳಸುತ್ತಿರುವ ಸಂಘಕ್ಕೆ ಹೋಗಿ, ಕಾರ್ಯದರ್ಶಿಯನ್ನಲ್ಲ, ಕೌಂಟರಿನಲ್ಲಿ ಕೂತವರನ್ನು ಕೇಳುವುದು. ಬಳಸಿ ಬಿಟ್ಟವರ ನಂಬರ್ ಕೂಡ ಕೊಡಿ ಅಂತ ಕಂಪನಿಗೆ ಕೇಳಬಹುದು. ಕೊಡಲು ಎಷ್ಟು ಹಿಂದೇಟು ಹಾಕುತ್ತಾರೆ ಅನ್ನೋದೂ ಒಂದು ಉತ್ತರವೇ.

ಅಂಗಡಿಯವರು ಇಷ್ಟೆಲ್ಲಾ ಮಾಡಬೇಕಾ?

ಬೇಡ. ಒಂದೇ ಅಂಗಡಿಗೆ ಹದಿನೈದು-ಇಪ್ಪತ್ತು ಸಾವಿರದ ಬಿಲ್ಲಿಂಗ್ ಸಾಫ್ಟ್‌ವೇರ್ ತರುವವರಿಗೆ ಆರ್‌ಎಫ್‌ಪಿ ಬರೆಯುವ ಖರ್ಚೇ ಜಾಸ್ತಿ ಆಗುತ್ತದೆ. ಅವರು ಒಂದು ಹಾಳೆ ಮಾಡಿಕೊಂಡರೆ ಸಾಕು. ನಿಮ್ಮ ಅಂಗಡಿಯಲ್ಲಿ ಹೆಚ್ಚು ಗೋಳು ಕೊಡುವ ನಾಲ್ಕು ಕೆಲಸ ಬರೆಯಿರಿ: ಹಾರ್ಡ್‌ವೇರ್ ಆದರೆ ಕೆಜಿಯಲ್ಲಿ ಬಂದ ಮಾಲು ಪೀಸ್ ಲೆಕ್ಕದಲ್ಲಿ ಮಾರುವುದು, ಮೆಡಿಕಲ್ ಆದರೆ ಸ್ಟ್ರಿಪ್ ಕತ್ತರಿಸಿ ಮಾತ್ರೆ ಲೆಕ್ಕದಲ್ಲಿ ಕೊಡುವುದು, ಬಟ್ಟೆ ಆದರೆ ಸೈಜ್ ಬದಲಾಯಿಸಿ ಕೊಡುವುದು, ಕಿರಾಣಿ ಆದರೆ ತಿಂಗಳ ಉದ್ರಿಗೆ ಮಧ್ಯದಲ್ಲಿ ಸ್ವಲ್ಪ ಸ್ವಲ್ಪ ಜಮೆ ಮಾಡುವುದು. ಉತ್ತರ ಎಷ್ಟು ಬರಬೇಕು ಅಂತ ಪಕ್ಕದಲ್ಲಿ ಬರೆದಿಟ್ಟುಕೊಳ್ಳಿ. ಯಾರೇ ಮಾರಲು ಬಂದರೂ ಅದೇ ಹಾಳೆ ಮುಂದಿಡಿ. 3 ವರ್ಷಕ್ಕೆ ಒಟ್ಟು ಎಷ್ಟಾಗುತ್ತೆ ಅಂತ ಅವರ ಕೈಯಲ್ಲೇ ಬರೆಸಿಕೊಳ್ಳಿ.

ಸಂಘದ ಸದಸ್ಯರಿಗೆ ಇನ್ನೊಂದು ಮಾತು. ಸ್ಕ್ರಿಪ್ಟ್, ಅಂಕದ ಹಂಚಿಕೆ, ಮೂವರ ಸಹಿ ಇರುವ ಅಂಕಪಟ್ಟಿ, 5 ವರ್ಷದ ಬೆಲೆ ನಮೂನೆ, ಈ ನಾಲ್ಕು ಕಾಗದ ಸಂಘದ ಫೈಲಿನಲ್ಲಿ ಇರಲೇಬೇಕಾದವು. ಸಾಫ್ಟ್‌ವೇರ್ ಖರೀದಿಯ ವಿಷಯ ಅಜೆಂಡಾಕ್ಕೆ ಬಂದ ದಿನ ಅವನ್ನು ನೋಡಲು ಕೇಳಿ.